ಫೋನಿನಲ್ಲಿ ತೆಗೆದ ಚಂದ್ರನಿಗೆ ಮೂರು ಸಾಲು ಬರೆಯುವುದು ಹೇಗೆ

ಫೋನಿನಲ್ಲಿ ಚಂದ್ರನ ಫೋಟೋ ತೆಗೆದವರಿಗೆಲ್ಲ ಈ ಪೆಟ್ಟು ಬಿದ್ದಿರುತ್ತದೆ. ಕಣ್ಣಿಗೆ ಅಷ್ಟು ದೊಡ್ಡದಾಗಿ, ತೆಂಗಿನ ಗರಿಯ ಸಂದಿಯಲ್ಲಿ ದೋಸೆ ಕಾವಲಿಯಷ್ಟು ಕಂಡವನು, ಸ್ಕ್ರೀನಿನ ಮೇಲೆ ನೋಡಿದರೆ ಒಂದು ಬಿಳಿ ಚುಕ್ಕೆ. ಪಕ್ಕದ ಬೀದಿದೀಪವೇ ಅವನಿಗಿಂತ ದೊಡ್ಡದು. ಆಗ ನಾವು ಏನು ಮಾಡುತ್ತೇವೆ? ಫೋಟೋದಲ್ಲಿ ಕಳೆದುಹೋದದ್ದನ್ನೆಲ್ಲ ಕ್ಯಾಪ್ಶನ್‌ನಲ್ಲಿ ತುಂಬಿಸಲು ಹೋಗುತ್ತೇವೆ. 'ಚಂದಿರನ ಚೆಲುವಿಗೆ ಸಾಟಿ ಯಾರು', 'ಮನದ ಬಾನಲಿ ಮೂಡಿದ ಶಶಿ', ಹಿಂದೆ ಮೂರು ಹೃದಯ, ಮುಂದೆ ಎರಡು ನಕ್ಷತ್ರ. ನಾನೂ ಬರೆದಿದ್ದೇನೆ. ಹಳೆಯ ಪೋಸ್ಟುಗಳು ಇನ್ನೂ ಅಲ್ಲೇ ಇವೆ, ಯಾರೂ ಹುಡುಕಬೇಡಿ.

ಈ ಚುಕ್ಕೆ ಯಾಕೆ ಅಷ್ಟು ಚಿಕ್ಕದು ಅನ್ನುವುದನ್ನು ಮೊದಲು ತಿಳಿದುಕೊಂಡರೆ ಕ್ಯಾಪ್ಶನ್ ಬರೆಯುವುದು ಸುಲಭವಾಗುತ್ತದೆ. ಆಕಾಶದಲ್ಲಿ ಚಂದ್ರನ ಅಗಲ ಸುಮಾರು ಅರ್ಧ ಡಿಗ್ರಿ, ಅಷ್ಟೇ. ಕೈ ಪೂರ್ತಿ ಚಾಚಿ ಕಿರುಬೆರಳು ಹಿಡಿದರೆ ಅವನು ಪೂರ್ತಿ ಮುಚ್ಚಿಹೋಗುತ್ತಾನೆ, ಇನ್ನೂ ಜಾಗ ಉಳಿಯುತ್ತದೆ. ಫೋನಿನ ಮಾಮೂಲಿ ಲೆನ್ಸು ಅಡ್ಡ ಹಿಡಿದಾಗ ಹೆಚ್ಚುಕಮ್ಮಿ 70 ಡಿಗ್ರಿ ನೋಡುತ್ತದೆ. ಅಂದರೆ ಫೋಟೋದ ಅಗಲ ತುಂಬಬೇಕಾದರೆ ಸುಮಾರು 140 ಚಂದ್ರರನ್ನು ಒಬ್ಬರ ಪಕ್ಕ ಒಬ್ಬರನ್ನು ನಿಲ್ಲಿಸಬೇಕು. ನಿಮ್ಮ ಹತ್ತಿರ ಇರುವುದು ಒಬ್ಬನೇ. ಮರದ ಹಿಂದೆ ಅವನು ದೊಡ್ಡದಾಗಿ ಕಂಡದ್ದು ನಮ್ಮ ಕಣ್ಣು, ಮನಸ್ಸು ಸೇರಿ ಮಾಡಿದ ಮೋಸ. ಕ್ಯಾಮೆರಾಗೆ ಆ ಮೋಸ ಗೊತ್ತಿಲ್ಲ. ಅದರ ಮೇಲೆ, ಸುತ್ತ ಕತ್ತಲೆ ಇದೆ ಅಂತ ಫೋನು ಇಡೀ ಫೋಟೋವನ್ನು ಬೆಳಗಿಸಲು ನೋಡುತ್ತದೆ. ಚಂದ್ರನ ಮೇಲೆ ಬಿದ್ದಿರುವುದು ನೇರ ಬಿಸಿಲು, ಹಾಗಾಗಿ ಅವನು ಸುಣ್ಣ ಬಳಿದ ಹಾಗೆ ಬೆಳ್ಳಗಾಗಿಬಿಡುತ್ತಾನೆ. ಮೊಲವೂ ಇಲ್ಲ, ಕಲೆಯೂ ಇಲ್ಲ.

(ಇದಕ್ಕೆ ಅರ್ಧ ಮದ್ದು ಇದೆ. ಸ್ಕ್ರೀನಿನ ಮೇಲೆ ಚಂದ್ರನನ್ನು ಮುಟ್ಟಿ, ಪಕ್ಕದಲ್ಲಿ ಬರುವ ಸೂರ್ಯನಂಥ ಗುರುತನ್ನು ಕೆಳಕ್ಕೆ ಎಳೆಯಿರಿ. ಬೆಳಕು ಕಮ್ಮಿಯಾಗಿ ಕಲೆಗಳು ಸ್ವಲ್ಪ ಕಾಣುತ್ತವೆ, ಆದರೆ ಸುತ್ತಲಿನ ಮರ, ಮನೆ ಎಲ್ಲ ಕಪ್ಪಾಗುತ್ತವೆ. ಎರಡೂ ಒಟ್ಟಿಗೆ ಬೇಕು ಅಂದರೆ ಮುಸ್ಸಂಜೆಯಲ್ಲೇ ತೆಗೆಯಬೇಕು. ಕೆಲವು ಫೋನುಗಳು ಜೂಮ್ ಮಾಡಿದಾಗ ಚಂದ್ರನ ಮುಖವನ್ನು ತಾವೇ ತಿದ್ದಿ ಚೂಪು ಮಾಡಿಕೊಡುತ್ತವೆ. ಅಂಥ ಫೋಟೋದ ಕೆಳಗೆ 'ಕಣ್ಣಿಗೆ ಕಂಡ ಹಾಗೇ' ಅಂತ ಬರೆಯದಿದ್ದರೆ ಸಾಕು.)

ಫೋಟೋದಲ್ಲಿ ಚಂದ್ರ ಚಿಕ್ಕವನು, ಮಸುಕು. ಜೊತೆಗೆ ಅದೇ ರಾತ್ರಿ ಅದೇ ಚಂದ್ರನನ್ನು ನಿಮ್ಮ ಪೋಸ್ಟ್ ನೋಡುವವರೆಲ್ಲ ನೋಡಿದ್ದಾರೆ. ಅವನ ಬಗ್ಗೆ ಅವರಿಗೆ ಹೊಸದಾಗಿ ಹೇಳುವುದು ಏನೂ ಇಲ್ಲ. ಅವರಿಗೆ ಗೊತ್ತಿಲ್ಲದ್ದು ಒಂದೇ: ನೀವು ಎಲ್ಲಿ ನಿಂತಿದ್ದಿರಿ, ಯಾಕೆ ಹೊರಗೆ ಬಂದಿರಿ, ಪಕ್ಕದಲ್ಲಿ ಏನು ನಡೆಯುತ್ತಿತ್ತು. ಕ್ಯಾಪ್ಶನ್ ಅಲ್ಲಿಂದ ಹುಟ್ಟಬೇಕು. ಚಂದ್ರನನ್ನು ಕ್ಯಾಮೆರಾಗೆ ಬಿಡಿ. ನೆಲವನ್ನು ನೀವು ನೋಡಿಕೊಳ್ಳಿ.

ಫೋಟೋ ತೆಗೆದ ಮೇಲೆ ಎರಡು ನಿಮಿಷ ಅಲ್ಲೇ ನಿಲ್ಲಿ

ತಪ್ಪು ಆಗುವುದು ಇಲ್ಲೇ. ಫೋಟೋ ತೆಗೆದ ತಕ್ಷಣ ಒಳಗೆ ಬರುತ್ತೇವೆ, ಸೋಫಾ ಮೇಲೆ ಕೂತು, ಫಿಲ್ಟರ್ ಹಾಕಿ, ಆಮೇಲೆ ಏನು ಬರೆಯಲಿ ಅಂತ ಯೋಚಿಸುತ್ತೇವೆ. ಅಷ್ಟು ಹೊತ್ತಿಗೆ ತಲೆಯಲ್ಲಿ ಉಳಿದಿರುವುದು ಬೇರೆಯವರ ಸಾಲುಗಳು ಮಾತ್ರ. ಅದಕ್ಕೇ ಟೆರೇಸ್ ಬಿಟ್ಟು ಇಳಿಯುವ ಮೊದಲು ಫೋನಿನ ನೋಟ್ಸ್‌ನಲ್ಲಿ ಮೂರು ವಿಷಯ ಬರೆದಿಡಿ. ವಾಕ್ಯ ಬೇಡ, ಬರೀ ಪದ ಸಾಕು. ಒಂದು, ಕಿವಿಗೆ ಏನು ಕೇಳುತ್ತಿದೆ. ಎರಡು, ಬೆಳದಿಂಗಳು ಯಾವುದರ ಮೇಲೆ ಬಿದ್ದಿದೆ. ಮೂರು, ಯಾರು ಏನು ಮಾಡುತ್ತಿದ್ದಾರೆ. ಗಂಟೆ ಬರೆದಿಡುವ ಅಗತ್ಯ ಇಲ್ಲ, ಫೋಟೋದ ವಿವರಗಳಲ್ಲಿ ಅದು ತಾನಾಗಿ ಇರುತ್ತದೆ. ಆದರೆ ವಾಟ್ಸಾಪ್‌ನಲ್ಲಿ ಬಂದ ಫೋಟೋ ಆದರೆ ಅಲ್ಲಿ ಕಾಣುವುದು ಅದು ನಿಮ್ಮ ಫೋನಿಗೆ ಬಂದ ಸಮಯ, ತೆಗೆದ ಸಮಯ ಅಲ್ಲ. ಅಣ್ಣ ಕಳಿಸಿದ ಫೋಟೋಗೆ ಕ್ಯಾಪ್ಶನ್ ಬರೆಯುತ್ತಿದ್ದರೆ ಅವನನ್ನೇ ಕೇಳಿ.

ಈ ಜನವರಿಯಲ್ಲಿ ನಾನು ತುಮಕೂರಿನ ಮನೆಯಲ್ಲಿದ್ದೆ. ಬನದ ಹುಣ್ಣಿಮೆ ಕಳೆದು ಎರಡನೇ ದಿನ. ರಾತ್ರಿ ಎಂಟರ ಹೊತ್ತಿಗೆ ಕರೆಂಟು ಹೋಯಿತು. ಮೆಟ್ಟಿಲ ಮೇಲೆ ಬಂದು ಕೂತೆವು. ಎದುರು ಮನೆಯ ನೀರಿನ ಟ್ಯಾಂಕಿನ ಮೇಲೆ ಚಂದ್ರ ಬಂದ. ಫೋಟೋ ತೆಗೆದೆ: ಒಂದು ಬಿಳಿ ಗುಂಡು, ಅರ್ಧ ಟ್ಯಾಂಕು, ಅಡ್ಡ ಒಂದು ವೈರು. ಸುಮಾರಾಗಿತ್ತು ಅಂದರೆ ಅದು ಹೊಗಳಿಕೆ. ನೋಟ್ಸ್‌ನಲ್ಲಿ ಬರೆದುಕೊಂಡದ್ದು ಹೀಗಿತ್ತು:

'ಎದುರು ಮನೆ ಪಾಪು ಅಳು. ಅವರೆಕಾಯಿ ಸೊಗಡು. ಅಮ್ಮ ಹಿದುಕ್ತಾ ಇದ್ದಾರೆ, ಕರೆಂಟ್ ಹೋದ್ರೂ ನಿಲ್ಸಿಲ್ಲ. ತಟ್ಟೆ ಈ ಕಡೆ ತಿರುಗಿಸಿಕೊಂಡ್ರು. 8.52.'

ಅವರೆಕಾಳು ನೆನೆಸಿ, ಒಂದೊಂದೇ ಕಾಳನ್ನು ಬೆರಳಲ್ಲಿ ಒತ್ತಿ ಸಿಪ್ಪೆಯಿಂದ ಹೊರಕ್ಕೆ ಚಿಮ್ಮಿಸುವುದಕ್ಕೆ ಹಿದುಕುವುದು ಅನ್ನುತ್ತಾರೆ, ಗೊತ್ತಿರಬಹುದು. ಅದಕ್ಕೆ ಕಣ್ಣು ಅಷ್ಟೇನೂ ಬೇಕಿಲ್ಲ. ಆದರೂ ಅಮ್ಮ ಬೆಳಕು ಬರುವ ಕಡೆ ತಿರುಗಿದರು. ಈ ಫೋಟೋವನ್ನೇ ಇಟ್ಟುಕೊಂಡು ಮುಂದಿನ ಹೆಜ್ಜೆಗಳನ್ನು ಹೇಳುತ್ತೇನೆ.

ಇವನು ಯಾವ ಚಂದ್ರ ಅಂತ ಗೊತ್ತು ಮಾಡಿಕೊಳ್ಳಿ

ಕವಿತೆಯಲ್ಲಿ ಏನು ಬೇಕಾದರೂ ಬರೆಯಬಹುದು ಅನ್ನುವವರು ಇದ್ದಾರೆ. ಆದರೆ ಫೋಟೋ ಪಕ್ಕದಲ್ಲೇ ಇರುವಾಗ ಸುಳ್ಳು ಸಾಲು ತಕ್ಷಣ ಸಿಕ್ಕಿಬೀಳುತ್ತದೆ. ನನಗೆ ಆದದ್ದೇ ಹೇಳುತ್ತೇನೆ. ಕೆಲವು ವರ್ಷದ ಹಿಂದೆ ಸಂಜೆ ಏಳು ಗಂಟೆಯ ತೆಳ್ಳಗಿನ ಚಂದ್ರನ ಫೋಟೋ ಹಾಕಿ, 'ಈಗಷ್ಟೇ ಮೂಡುತ್ತಿರುವ ಎಳೆಯ ಚಂದಿರ' ಅಂತ ಬರೆದಿದ್ದೆ. ಮೂವತ್ತು ಜನ ಲೈಕ್ ಒತ್ತಿದರು. ದೊಡ್ಡಪ್ಪ ಮಾತ್ರ ಫೋನ್ ಮಾಡಿದರು. 'ಏನಪ್ಪಾ, ಬಿದಿಗೆ ಚಂದ್ರ ಸಂಜೆ ಹೊತ್ತು ಎಲ್ಲಾದ್ರೂ ಮೂಡ್ತಾನಾ? ಅವನು ಮುಳುಗೋಕೆ ಹೊರಟಿರ್ತಾನೆ.'

ಅವರು ಹೇಳಿದ್ದು ಸರಿ. ಅಮಾವಾಸ್ಯೆ ಕಳೆದ ಮೇಲೆ ಬಿದಿಗೆ, ತದಿಗೆಯ ಚಂದ್ರ ಸಂಜೆ ಪಶ್ಚಿಮದಲ್ಲಿ ಕಾಣುತ್ತಾನೆ, ಸೂರ್ಯನ ಹಿಂದೆಯೇ ಒಂದೆರಡು ಗಂಟೆಯಲ್ಲಿ ಮುಳುಗುತ್ತಾನೆ. ಶುದ್ಧ ಅಷ್ಟಮಿಯ ಅರ್ಧ ಚಂದ್ರ ಸಂಜೆಗೆ ನೆತ್ತಿಯ ಆಸುಪಾಸಿನಲ್ಲಿದ್ದು ನಡುರಾತ್ರಿಗೆ ಇಳಿಯುತ್ತಾನೆ. ಹುಣ್ಣಿಮೆ ಚಂದ್ರ ಸೂರ್ಯ ಮುಳುಗುವ ಹೊತ್ತಿಗೆ ಪೂರ್ವದಲ್ಲಿ ಏಳುತ್ತಾನೆ, ರಾತ್ರಿ ಪೂರ್ತಿ ಇರುತ್ತಾನೆ. ಅಲ್ಲಿಂದ ಮುಂದೆ ದಿನಕ್ಕೆ ಸುಮಾರು 50 ನಿಮಿಷ ತಡ. ಬಹುಳ ಅಷ್ಟಮಿಗೆ ಬರುವಾಗ ಏಳುವುದೇ ನಡುರಾತ್ರಿ. ಬೆಳಗಿನ ಜಾವ ಪೂರ್ವದಲ್ಲಿ ತೆಳ್ಳಗೆ ಕಂಡರೆ ಅವನು ಅಮಾವಾಸ್ಯೆಗೆ ಹೋಗುತ್ತಿರುವ ಮುದುಕ, ಎಳೆಯವನಲ್ಲ.

ಇಷ್ಟು ಗೊತ್ತಿದ್ದರೆ ಸಾಕು, ಇದರಲ್ಲೇ ಅರ್ಧ ಕ್ಯಾಪ್ಶನ್ ಸಿಗುತ್ತದೆ. ನನ್ನ ಫೋಟೋ ನೋಡಿ. ಹುಣ್ಣಿಮೆಯ ದಿನ ಅವನು ಆರೂಕಾಲಿಗೇ ಬಂದಿರುತ್ತಾನೆ. ಎರಡು ದಿನ ಕಳೆದರೆ ಒಂದೂಮುಕ್ಕಾಲು ಗಂಟೆ ತಡ, ಅಂದರೆ ಎಂಟರ ಸುಮಾರಿಗೆ. ಕರೆಂಟು ಹೋದದ್ದೂ ಆಗಲೇ. ಒಬ್ಬರು ಹೋದರು, ಇನ್ನೊಬ್ಬರು ಬಂದರು ಅನ್ನುವ ಹಾಗೆ. ನಾನು ಕಟ್ಟಿದ್ದಲ್ಲ ಇದು, ಲೆಕ್ಕದಲ್ಲೇ ಇತ್ತು.

ತಿಥಿ ನೋಡಲು ಗೋಡೆಯ ಕ್ಯಾಲೆಂಡರ್ ಸಾಕು. ಒಂದು ಎಚ್ಚರ ಇರಲಿ: ಕ್ಯಾಲೆಂಡರಿನಲ್ಲಿ ಸಾಮಾನ್ಯವಾಗಿ ಹಾಕುವುದು ಆ ದಿನ ಸೂರ್ಯ ಹುಟ್ಟುವಾಗ ಇದ್ದ ತಿಥಿ, ರಾತ್ರಿಗೆ ಅದು ಬದಲಾಗಿರಬಹುದು. ಅನುಮಾನ ಇದ್ದರೆ 'ಹುಣ್ಣಿಮೆ ಆಸುಪಾಸು' ಅಂತ ಬರೆಯಿರಿ, ಯಾರೂ ಜಗಳಕ್ಕೆ ಬರುವುದಿಲ್ಲ. ಹುಣ್ಣಿಮೆಯೇ ಆಗಿದ್ದರೆ ಅದರ ಹೆಸರು ಹಾಕಿ. ಬೇರೆ ಭಾಷೆಯವರಿಂದ ತಂದ ತೋಳದ ಚಂದ್ರ, ಸ್ಟ್ರಾಬೆರಿ ಚಂದ್ರ ಎಲ್ಲ ಈಚೆಗೆ ಓಡಾಡುತ್ತಿವೆ, ನಮ್ಮಲ್ಲಿ ತಿಂಗಳಿಗೊಂದು ಹೆಸರು ಆಗಲೇ ಇದೆ. ಚೈತ್ರದಲ್ಲಿ ದವನದ ಹುಣ್ಣಿಮೆ, ಜ್ಯೇಷ್ಠದಲ್ಲಿ ಕಾರ ಹುಣ್ಣಿಮೆ, ಶ್ರಾವಣದಲ್ಲಿ ನೂಲು ಹುಣ್ಣಿಮೆ, ಆಶ್ವಯುಜದಲ್ಲಿ ಸೀಗೆ ಹುಣ್ಣಿಮೆ, ಪುಷ್ಯದಲ್ಲಿ ಬನದ ಹುಣ್ಣಿಮೆ. 'ಕಾರ ಹುಣ್ಣಿಮೆ' ಅಂತ ಒಂದು ಮಾತು ಬರೆದರೆ ಉತ್ತರ ಕರ್ನಾಟಕದ ಓದುಗನಿಗೆ ಬಣ್ಣ ಹಚ್ಚಿದ ಎತ್ತು ಕಣ್ಣ ಮುಂದೆ ಬರುತ್ತದೆ. 'ಸೀಗೆ ಹುಣ್ಣಿಮೆ' ಅಂದರೆ ಹೊಲದಲ್ಲಿ ಕೂತು ಉಂಡ ಊಟ. ನೀವು ಅದನ್ನೆಲ್ಲ ಬಿಡಿಸಿ ಹೇಳುವುದು ಬೇಡ, ಹೆಸರೇ ಹೇಳಿಬಿಡುತ್ತದೆ.

ದೂರದಲ್ಲಿ ಇರುವವರಿಗೆ ಇನ್ನೊಂದು ಅನುಕೂಲ. ನನ್ನ ಚಿಕ್ಕಮ್ಮನ ಮಗಳು ಮೆಲ್ಬರ್ನ್‌ನಲ್ಲಿದ್ದಾಳೆ. ಅಲ್ಲಿ ಭೂಮಿಯ ದಕ್ಷಿಣಾರ್ಧ, ಆಕಾಶ ನೋಡುವಾಗ ನಮಗೆ ಹೋಲಿಸಿದರೆ ಅವರು ತಲೆಕೆಳಗೆ ನಿಂತ ಹಾಗೆ, ಹಾಗಾಗಿ ಚಂದ್ರನೊಳಗಿನ ಕಲೆಗಳೂ ತಿರುವುಮುರುವು. ಅವಳು ಬರೆದದ್ದು ಒಂದೇ ಸಾಲು: 'ಇಲ್ಲಿ ಮೊಲ ತಲೆಕೆಳಗಾಗಿ ನಿಂತಿದೆ, ಅಜ್ಜಿಗೆ ಹೇಳಬೇಡಿ.' ಊರು ಬಿಟ್ಟ ಬೇಸರ ಅಂತ ಅವಳು ಎಲ್ಲೂ ಬರೆಯಲಿಲ್ಲ.

ಮೊದಲು ಒಣ ವಾಕ್ಯ ಬರೆಯಿರಿ

ಈಗ ಬರೆಯುವ ಕೆಲಸ. ಮೊದಲ ಸಲ ಬರೆಯುವಾಗ ಚಂದ ಮಾಡಲು ಹೋಗಬೇಡಿ. ಪೊಲೀಸ್ ಸ್ಟೇಷನ್ನಿನಲ್ಲಿ ಹೇಳಿಕೆ ಕೊಡುವ ಹಾಗೆ ಬರೆಯಿರಿ. ನಾನು ಬರೆದದ್ದು ಹೀಗೆ:

'ನಿನ್ನೆ ರಾತ್ರಿ ನಮ್ಮ ಮನೆಯಲ್ಲಿ ಕರೆಂಟು ಹೋಗಿತ್ತು. ಆಗ ಅಮ್ಮ ಅವರೆಕಾಳು ಹಿದುಕುತ್ತಿದ್ದರು. ಕರೆಂಟು ಹೋದರೂ ಅವರು ನಿಲ್ಲಿಸಲಿಲ್ಲ. ತಟ್ಟೆಯನ್ನು ಚಂದ್ರನ ಬೆಳಕಿಗೆ ಸರಿಸಿಕೊಂಡು ಹಿದುಕಿದರು. ಎದುರು ಮನೆಯ ಮಗು ಅಳುತ್ತಿತ್ತು. ಚಂದ್ರ ಟ್ಯಾಂಕಿನ ಮೇಲೆ ತುಂಬಾ ಸುಂದರವಾಗಿ ಕಾಣುತ್ತಿದ್ದ.'

ಇದನ್ನು ಫೋಟೋ ಜೊತೆ ಇಟ್ಟು ನೋಡಿ. ಫೋಟೋದಲ್ಲಿ ಆಗಲೇ ಕಾಣುತ್ತಿರುವುದನ್ನೆಲ್ಲ ಹೊಡೆದುಹಾಕಿ. ಟ್ಯಾಂಕು ಕಾಣುತ್ತಿದೆ, ತೆಗೆಯಿರಿ. ಚಂದ್ರ ಕಾಣುತ್ತಿದ್ದಾನೆ, 'ಸುಂದರವಾಗಿ' ಅನ್ನುವುದನ್ನು ನೋಡಿದವರು ನಿರ್ಧರಿಸಲಿ. ಮಗುವಿನ ಅಳು ಕಾಣುವುದಿಲ್ಲ, ಉಳಿಸಬಹುದು, ಆದರೆ ಅಮ್ಮನ ವಿಷಯಕ್ಕೂ ಅದಕ್ಕೂ ಸಂಬಂಧ ಇಲ್ಲ. ಎರಡು ಕಥೆ ಒಂದೇ ಕ್ಯಾಪ್ಶನ್‌ನಲ್ಲಿ ನಿಲ್ಲುವುದಿಲ್ಲ. ಅದನ್ನೂ ತೆಗೆದೆ. ಹೊಟ್ಟೆ ಉರಿಯಿತು, ಯಾಕಂದರೆ ಅವರೆಕಾಯಿ ಸೊಗಡಿನ ಬಗ್ಗೆಯೂ ಒಂದು ಸಾಲು ತಲೆಯಲ್ಲಿ ರೆಡಿ ಇತ್ತು. ಅದು ಇನ್ನೊಂದು ಫೋಟೋಗೆ.

ಉಳಿದದ್ದು ಇಷ್ಟು: ಕರೆಂಟು ಹೋಯಿತು, ಅಮ್ಮ ನಿಲ್ಲಿಸಲಿಲ್ಲ, ತಟ್ಟೆ ಸರಿಸಿಕೊಂಡರು. ಈ ಮೂರರಲ್ಲಿ ಜೀವ ಇರುವುದು ಎಲ್ಲಿ? ತಟ್ಟೆ ಸರಿಸಿಕೊಂಡದ್ದರಲ್ಲಿ. ಅದೊಂದು ಸಣ್ಣ ಕೆಲಸ, ಕೈಯ ಕೆಲಸ, ಆದರೆ ಅದರೊಳಗೆ ಬೆಳದಿಂಗಳು ಎಷ್ಟಿತ್ತು ಅನ್ನುವುದೂ ಇದೆ, ಅಮ್ಮ ಎಂಥವರು ಅನ್ನುವುದೂ ಇದೆ. ಅದನ್ನು ಕೊನೆಗೆ ಇಡಬೇಕು. ಕನ್ನಡದಲ್ಲಿ ಕ್ರಿಯಾಪದ ಹೇಗೂ ವಾಕ್ಯದ ಕೊನೆಗೆ ಬಂದು ಬೀಳುತ್ತದೆ, ಕ್ಯಾಪ್ಶನ್ ಬರೆಯುವವನಿಗೆ ಇದು ಭಾರಿ ಉಪಕಾರ. ಓದುವವನು 'ತಟ್ಟೆಯನ್ನು ಚಂದ್ರನ ಕಡೆಗೆ' ಅನ್ನುವವರೆಗೂ ಏನಾಯಿತು ಅಂತ ಗೊತ್ತಿಲ್ಲದೆ ಕಾಯುತ್ತಾನೆ.

ಆಮೇಲೆ ಬಂದದ್ದು:

ಕರೆಂಟು ಹೋಗಿ ಮುಕ್ಕಾಲು ಗಂಟೆ.
ಅಮ್ಮ ಅವರೆಕಾಳು ಹಿದುಕುವುದು ನಿಲ್ಲಿಸಲಿಲ್ಲ,
ತಟ್ಟೆಯನ್ನು ಚಂದ್ರನ ಕಡೆಗೆ ಸರಿಸಿಕೊಂಡರು.

'ಚಂದ್ರನ ಬೆಳಕಿಗೆ' ಇದ್ದದ್ದು 'ಚಂದ್ರನ ಕಡೆಗೆ' ಆಯಿತು, ಗಮನಿಸಿ. ಬೆಳಕು ಅಂದಾಗ ಅವನು ಬಲ್ಬು. ಕಡೆಗೆ ಅಂದಾಗ ಅವನು ಜಗಲಿಯ ಮೇಲೆ ಬಂದು ಕೂತ ನೆಂಟ, ಅವನಿಗೂ ನಾಲ್ಕು ಕಾಳು ಹಿದುಕಲು ಕೊಟ್ಟ ಹಾಗೆ. ಕವಿತ್ವ ಅಂತ ಈ ಮೂರು ಸಾಲಿನಲ್ಲಿ ಇರುವುದು ಆ ಒಂದು ಪದದಲ್ಲಿ ಮಾತ್ರ. ಉಳಿದದ್ದೆಲ್ಲ ನಡೆದದ್ದು.

ಹೋಲಿಕೆ ಒಂದೇ ಇರಲಿ, ಇಲ್ಲದಿದ್ದರೂ ನಡೆಯುತ್ತದೆ

ಚಂದ್ರನನ್ನು ಯಾವುದಕ್ಕೆ ಹೋಲಿಸಿಲ್ಲ ಹೇಳಿ? ಮುಖ, ಬೆಣ್ಣೆ ಮುದ್ದೆ, ಬೆಳ್ಳಿ ತಟ್ಟೆ, ದೀಪ. ನಿಮಗೂ ಒಂದು ಹೋಲಿಕೆ ಹೊಳೆದರೆ ಅದಕ್ಕೊಂದು ಪರೀಕ್ಷೆ ಇದೆ. ಬೇರೆ ಊರಿನ, ಬೇರೆ ರಾತ್ರಿಯ ಚಂದ್ರನ ಫೋಟೋ ಕೆಳಗೆ ಅದೇ ಸಾಲನ್ನು ಇಟ್ಟು ನೋಡಿ. ಅಲ್ಲೂ ಸರಿಹೋದರೆ ಅದು ನಿಮ್ಮ ಸಾಲಲ್ಲ. 'ಬೆಳ್ಳಿ ತಟ್ಟೆ' ಎಲ್ಲಿ ಬೇಕಾದರೂ ಸರಿಹೋಗುತ್ತದೆ. ಆದರೆ ನನ್ನ ಗೆಳೆಯನೊಬ್ಬ ರಾತ್ರಿ ಪಾಳಿ ಮುಗಿಸಿ ಬಸ್ಸಿನ ಕಿಟಕಿಯಿಂದ ತೆಗೆದ ಅಲುಗಿದ ಚಂದ್ರನಿಗೆ 'ಒಡೆದ ಮೊಟ್ಟೆ, ಬಾಣಲೆ ಇನ್ನೂ ಕಾದಿಲ್ಲ' ಅಂತ ಬರೆದಿದ್ದ. ಫೋಟೋದಲ್ಲಿ ಚಂದ್ರ ನಿಜವಾಗಿಯೂ ಹರಡಿಕೊಂಡಿದ್ದ, ಗೆಳೆಯನಿಗೆ ನಿಜವಾಗಿಯೂ ಹಸಿವಾಗಿತ್ತು. ಅದು ಬೇರೆ ಫೋಟೋಗೆ ಅಂಟುವುದಿಲ್ಲ. ಫೋಟೋದ ದೋಷವನ್ನೇ ಹೋಲಿಕೆ ಮಾಡಿಕೊಂಡದ್ದು ಅವನ ಜಾಣತನ.

ತೆಳು ಚಂದ್ರನಿಗೆ ದೋಣಿಯ ಹೋಲಿಕೆ ಹಳೆಯದು, ಆದರೆ ಅದರಲ್ಲಿ ನಿಜ ಇದೆ. ನಮ್ಮ ಕಡೆ ಫೆಬ್ರವರಿ, ಮಾರ್ಚ್ ಹೊತ್ತಿಗೆ ಸಂಜೆಯ ತೆಳು ಚಂದ್ರ ಎರಡೂ ತುದಿ ಮೇಲೆ ಮಾಡಿ ಮಲಗಿರುತ್ತಾನೆ. ಸೆಪ್ಟೆಂಬರ್ ಸುಮಾರಿಗೆ ಅಷ್ಟು ಮಲಗುವುದಿಲ್ಲ, ಪಕ್ಕಕ್ಕೆ ವಾಲಿ ನಿಂತಿರುತ್ತಾನೆ. ವಾಲಿ ನಿಂತವನನ್ನು ದೋಣಿ ಅಂದರೆ ನೀರು ಒಳಗೆ ನುಗ್ಗುತ್ತದೆ. ಫೋಟೋ ನೋಡಿ ಬರೆಯಿರಿ.

ಇನ್ನು ಪದಗಳು. ಚಂದ್ರ, ಚಂದಿರ, ಚಂದಮಾಮ, ತಿಂಗಳು, ಎಲ್ಲವೂ ಅವನೇ, ಆದರೆ ಒಂದೊಂದರ ದನಿ ಬೇರೆ. ಚಂದ್ರ ಅಂದರೆ ಮಾತಾಡಿದ ಹಾಗೆ. ಚಂದಿರ ಅಂದರೆ ಹಾಡಿದ ಹಾಗೆ. ಚಂದಮಾಮ ಅಂದರೆ ಯಾವುದೋ ಮಗು ಹತ್ತಿರದಲ್ಲಿ ಊಟ ಮಾಡುತ್ತಿದೆ. ಶಶಿ, ಇಂದು, ಸೋಮ ಎಲ್ಲ ನನ್ನ ಮಟ್ಟಿಗೆ ಮದುವೆ ಕಾರ್ಡಿನವು. ತಿಂಗಳು ನನಗೆ ಇಷ್ಟ, ಯಾಕಂದರೆ ಬೆಳದಿಂಗಳಲ್ಲಿ ಅದು ಬಚ್ಚಿಟ್ಟುಕೊಂಡಿದೆ (ಬೆಳ್ ಅಂದರೆ ಬಿಳಿ, ಅದರ ಜೊತೆ ತಿಂಗಳು), ಮತ್ತು ಸಂಬಳಕ್ಕೂ ಬಾಡಿಗೆಗೂ ಅದೇ ತಿಂಗಳು. 'ತಿಂಗಳು ಮುಗಿಯಿತು' ಅಂತ ಅಮಾವಾಸ್ಯೆಯ ಖಾಲಿ ಆಕಾಶದ ಫೋಟೋಗೆ ಬರೆದರೆ ಎರಡೂ ಅರ್ಥ ಬಂದುಬಿಡುತ್ತದೆ, ಏನೂ ಕಷ್ಟಪಡದೆ.

ಚಂದ್ರ ಬಂದನೋ, ಬಂತೋ? ಇದನ್ನೂ ಯೋಚಿಸಿ. 'ಚಂದ್ರ ಕಾಣ್ತಿದೆ' ಅಂತ ಮಾತಿನಲ್ಲಿ ಅನ್ನುತ್ತೇವೆ, ಆಗ ಅದು ವಸ್ತು. 'ಕಾಣುತ್ತಿದ್ದಾನೆ' ಅಂದ ಕೂಡಲೇ ಅವನು ಆಳು, ಅವನಿಗೆ ಮನಸ್ಸು ಬರುತ್ತದೆ, ತಡ ಮಾಡಬಹುದು, ಇಣುಕಬಹುದು. ಎರಡೂ ಸರಿ. ಒಂದೇ ಕ್ಯಾಪ್ಶನ್‌ನಲ್ಲಿ ಎರಡನ್ನೂ ಬೆರೆಸಿದರೆ ಮಾತ್ರ ಕೆಡುತ್ತದೆ.

ಚಂದ್ರ ಇಲ್ಲದ, ಬರೀ ಚುಕ್ಕಿಯ ಫೋಟೋ ಆದರೆ

ನೈಟ್ ಮೋಡ್ ಹಾಕಿ, ಫೋನನ್ನು ಗೋಡೆಗೋ ನೀರಿನ ಬಾಟಲಿಗೋ ಒರಗಿಸಿ ಹತ್ತು ಸೆಕೆಂಡ್ ಬಿಟ್ಟರೆ ಈಗಿನ ಫೋನುಗಳಲ್ಲಿ ಚುಕ್ಕಿಗಳು ಚೆನ್ನಾಗಿಯೇ ಬರುತ್ತವೆ. ಇಲ್ಲಿ ತೊಂದರೆ ಬೇರೆ. ಚಂದ್ರನಿಗೆ ಹೇಳಲು ಜಾಸ್ತಿ ಇರುತ್ತದೆ, ಚುಕ್ಕಿಗೆ ಏನೂ ಇಲ್ಲ, ಹಾಗಾಗಿ 'ಅನಂತ ಆಕಾಶದ ಮುಂದೆ ನಾವೆಷ್ಟು ಸಣ್ಣವರು' ಅಂತ ಎಲ್ಲರೂ ಒಂದೇ ಬಾವಿಗೆ ಬೀಳುತ್ತಾರೆ.

ಹೊರಗೆ ಬರುವ ದಾರಿ: ಫೋಟೋದಲ್ಲಿರುವ ಒಂದೇ ಒಂದು ಚುಕ್ಕಿಯ ಹೆಸರು ತಿಳಿದುಕೊಳ್ಳಿ. ಚಳಿಗಾಲದಲ್ಲಿ ಎಲ್ಲಕ್ಕಿಂತ ಜೋರಾಗಿ ಮಿನುಗುವುದು ಲುಬ್ಧಕ. ಓರಿಯನ್ ಅಂತಲೂ ಕರೆಯುವ ಮಹಾವ್ಯಾಧ ನಕ್ಷತ್ರಪುಂಜದ ಸೊಂಟದ ಮೂರು ಚುಕ್ಕಿಯ ಸಾಲನ್ನು ಆಗ್ನೇಯದ ಕಡೆಗೆ ಎಳೆದುಕೊಂಡು ಹೋದರೆ ಸಿಗುತ್ತದೆ. (ಮಿನುಗದೆ ಸುಮ್ನೆ ಉರಿಯುತ್ತಿದ್ದರೆ ಅದು ಬಹುಶಃ ಗ್ರಹ. ಶುಕ್ರನನ್ನು ಲುಬ್ಧಕ ಅಂತ ಬರೆದು ಪಜೀತಿಗೆ ಬೀಳಬೇಡಿ.) ಲುಬ್ಧಕದ ಬೆಳಕು ನಮ್ಮನ್ನು ತಲುಪಲು ಸುಮಾರು ಎಂಟೂವರೆ ವರ್ಷ ಬೇಕು. ಈ ಲೆಕ್ಕವನ್ನು ಹಾಗೇ ಬರೆದರೆ ಪಾಠಪುಸ್ತಕ. ಮನೆಯೊಳಗೆ ತಂದರೆ ಕ್ಯಾಪ್ಶನ್. ನನ್ನ ಅಣ್ಣನ ಮಗಳಿಗೆ ಎಂಟು ವರ್ಷ. ಅವಳ ತಲೆ ಹಿಂಬದಿ, ಅದರ ಮೇಲೆ ಲುಬ್ಧಕ ಇರುವ ಫೋಟೋಗೆ ನಾನು ಬರೆದದ್ದು:

ಈ ಬೆಳಕು ಅಲ್ಲಿಂದ ಹೊರಟಾಗ ಇವಳು ಹುಟ್ಟಿರಲಿಲ್ಲ.
ಈಗ ಇಬ್ಬರೂ ನಮ್ಮ ಟೆರೇಸಿನಲ್ಲಿದ್ದಾರೆ.
ಒಬ್ಬಳಿಗೆ ನಿದ್ದೆ ಬಂದಿದೆ.

ಅಂಕಿ ಎಲ್ಲೂ ಇಲ್ಲ, ಆದರೆ ಅಂಕಿ ತಪ್ಪಾಗಿದ್ದರೆ ಈ ಸಾಲು ನಿಲ್ಲುತ್ತಿರಲಿಲ್ಲ. ಹುಡುಗಿಗೆ ಹತ್ತು ವರ್ಷ ಆಗಿದ್ದರೆ ಬೇರೆ ಚುಕ್ಕಿ ಹುಡುಕಬೇಕಿತ್ತು.

ಗ್ರಹಣದ ಫೋಟೋಗೂ ಇದೇ ಮಾತು. 2025ರ ಸೆಪ್ಟೆಂಬರ್ 7ರ ರಾತ್ರಿ ನಮ್ಮಲ್ಲಿ ಹನ್ನೊಂದರಿಂದ ಹನ್ನೆರಡು ಇಪ್ಪತ್ತೆರಡರವರೆಗೆ ಚಂದ್ರ ಪೂರ್ತಿ ನೆರಳಲ್ಲಿದ್ದ. ನನ್ನ ಫೋನಿನಲ್ಲಿ ಅವತ್ತು ಬಂದದ್ದೆಲ್ಲ ಅದೇ ಕೆಂಪು ಗುಂಡು, ಅದೇ 'ರಕ್ತ ಚಂದ್ರ'. ನೆನಪಿರುವುದು ಒಂದೇ ಕ್ಯಾಪ್ಶನ್, ಪಕ್ಕದ ಮನೆಯ ಹುಡುಗನದು: 'ಹನ್ನೊಂದೂಕಾಲು. ಎಲ್ಲರೂ ಒಳಗೆ, ಸ್ನಾನಕ್ಕೆ ಕಾಯ್ತಿದ್ದಾರೆ. ಹೊರಗೆ ನಾನು, ನಾಯಿ, ಅವನು.'

ಹಾಕುವ ಮೊದಲು

ಇನ್‌ಸ್ಟಾಗ್ರಾಮ್‌ನಲ್ಲಿ ಕ್ಯಾಪ್ಶನ್ ಎಷ್ಟು ಉದ್ದ ಬೇಕಾದರೂ ಬರೆಯಬಹುದು ಅನ್ನಿಸುತ್ತದೆ, 2,200 ಅಕ್ಷರದವರೆಗೆ ಬಿಡುತ್ತಾರೆ. ಆದರೆ ಫೋಟೋ ಕೆಳಗೆ ಮೊದಲು ಕಾಣುವುದು ಶುರುವಿನ ಒಂದೆರಡು ಸಾಲು ಮಾತ್ರ, ಉಳಿದದ್ದಕ್ಕೆ ಒತ್ತಬೇಕು. ಇನ್ನೊಂದು, ಅಲ್ಲಿ ಲೆಕ್ಕ ಮಾಡುವುದು ನಾವು ಬರೆಯುವ ಅಕ್ಷರವನ್ನಲ್ಲ. ಕನ್ನಡದ 'ಕ್ಷ' ನಮಗೆ ಒಂದು, ಕಂಪ್ಯೂಟರಿಗೆ ಮೂರು. ಹಾಗಾಗಿ ಊರು, ದಿನ, ತಿಥಿ ಮುಂದೆ ಇಟ್ಟರೆ ಅಮ್ಮ ಬರುವ ಮೊದಲೇ ಸಾಲು ಕತ್ತರಿಸಿಹೋಗುತ್ತದೆ. ಅವನ್ನು ಕೊನೆಗೆ ಹಾಕಿ, ಒಂದೇ ಸಾಲಿನಲ್ಲಿ: 'ಬನದ ಹುಣ್ಣಿಮೆ ಕಳೆದು ಎರಡನೇ ರಾತ್ರಿ, ತುಮಕೂರು.' ಇದು ಸಹಿ ಇದ್ದ ಹಾಗೆ. ಮೇಲಿನದು ಎಷ್ಟೇ ಹಾರಿದರೂ ಇದು ಅದನ್ನು ನೆಲಕ್ಕೆ ಕಟ್ಟಿಹಾಕುತ್ತದೆ.

ಮಾರನೇ ದಿನ ಬೆಳಗ್ಗೆ ಹಾಕುತ್ತಿದ್ದರೆ 'ಈಗ', 'ಇವತ್ತು' ಅನ್ನುವುದನ್ನು ನೋಡಿಕೊಳ್ಳಿ. ಸಾಲು ಒಡೆಯುವಾಗ ಉಸಿರು ಎಲ್ಲಿ ನಿಲ್ಲುತ್ತದೋ ಅಲ್ಲಿ ಒಡೆಯಿರಿ, ಕವಿತೆ ಕಾಣಲಿ ಅಂತ ಪದಕ್ಕೊಂದು ಸಾಲು ಮಾಡಬೇಡಿ. ಮೂರು ಚುಕ್ಕಿ ಹಾಕುವ ಚಾಳಿ ಇದ್ದರೆ ಬಿಡಿ, ಚುಕ್ಕಿಗಳು ಫೋಟೋದಲ್ಲೇ ಇವೆ. ಆಮೇಲೆ ಒಂದು ಸಲ ಜೋರಾಗಿ, ಮನೆಯಲ್ಲಿ ಮಾತಾಡುವ ದನಿಯಲ್ಲಿ ಓದಿ. ನಾಚಿಕೆ ಆದ ಜಾಗದಲ್ಲಿ ಒಂದು ಸುಳ್ಳು ಪದ ಇರುತ್ತದೆ.

ನಾನು ಓದಿದೆ, ನಾಚಿಕೆ ಆಗಲಿಲ್ಲ, ಹಾಕಿದೆ. ಮಧ್ಯಾಹ್ನ ಊಟಕ್ಕೆ ಕೂತಾಗ ಅಮ್ಮ ಕನ್ನಡಕ ಏರಿಸಿಕೊಂಡು ನನ್ನ ಫೋನಿನಲ್ಲಿ ಅದನ್ನು ಓದಿದರು. ಇನ್ನೊಂದು ಸಲ ಓದಿದರು. 'ತಟ್ಟೆ ಯಾಕೆ ಬರೆದೆಯೋ? ನೆನೆಸಿದ ಕಾಳು ತಟ್ಟೇಲಿ ಯಾರು ಇಟ್ಕೋತಾರೆ? ಬೋಸಿ ಅಲ್ವಾ ಅದು.'

ಹುಳಿಗೆ ಅನ್ನ ಕಲಸುವುದು ಬಿಟ್ಟು, ಎಡಗೈಯಲ್ಲೇ ಎಡಿಟ್ ಒತ್ತಿ ತಟ್ಟೆ ತೆಗೆದು ಬೋಸಿ ಹಾಕಿದೆ.